ಆರ್ಡರ್ ಡಜನ್‌ನಲ್ಲಿ, ಬಿಲ್ ಪೀಸ್‌ನಲ್ಲಿ: ತಾಳೆ ಹಾಕುವುದು ಹೇಗೆ?

ಹೋಟೆಲೊಂದು ಗಾಜಿನ ಲೋಟಗಳಿಗೆ ಆರ್ಡರ್ ಕೊಟ್ಟಿದೆ ಎಂದುಕೊಳ್ಳಿ. 50 ಡಜನ್, ಡಜನ್‌ಗೆ ₹540, ಒಟ್ಟು ₹27,000; ಜಿಎಸ್‌ಟಿ ಬೇರೆ. ಸರಕಿನ ಜೊತೆ ಬಂದ ಬಿಲ್ಲಿನಲ್ಲಿ 600 ಪೀಸ್, ಪೀಸಿಗೆ ₹45 ಎಂದಿದೆ. ಮೊತ್ತ ಅದೇ ₹27,000. ಆದರೂ ಕಂಪ್ಯೂಟರ್ ಒಪ್ಪುವುದಿಲ್ಲ. ಅದರ ಕಣ್ಣಿಗೆ ನೀವು ಕೇಳಿದ್ದು 50, ಬಂದದ್ದು 600. ಒಪ್ಪಿದ ದರ 540, ಹಾಕಿದ ದರ 45. ಬಿಲ್ ಪಾಸಾಗದೆ ನಿಲ್ಲುತ್ತದೆ, ಅಂಗಡಿಯವರ ಫೋನು ಶುರುವಾಗುತ್ತದೆ.

ಇಂಥ ಸಮಯದಲ್ಲಿ ಬಹಳಷ್ಟು ಕಡೆ ಮಾಡುವುದು ಒಂದೇ ಕೆಲಸ: ಬಿಲ್ ಎಂಟ್ರಿ ಮಾಡುವಾಗ 600 ಅಳಿಸಿ 50 ಎಂದು ಬರೆದು ಮುಂದೆ ಹೋಗುವುದು. ದಯವಿಟ್ಟು ಬೇಡ. ಕೈಲಿರುವ ಬಿಲ್ಲೇ ಒಂದು, ಪುಸ್ತಕದಲ್ಲಿರುವುದೇ ಇನ್ನೊಂದು ಎಂದಾದರೆ ಮುಂದೆ ಆಡಿಟರ್ ಕೇಳಿದಾಗ ಉತ್ತರ ಸಿಗುವುದಿಲ್ಲ. ಜೊತೆಗೆ ನಿಜವಾದ ತಪ್ಪು ಇದ್ದರೆ ಅದೂ ಈ ತಿದ್ದುಪಡಿಯ ಕೆಳಗೆ ಮುಚ್ಚಿಹೋಗುತ್ತದೆ.

ಮೊದಲು ಒಂದು ಲೋಟದ ಬೆಲೆ ತೆಗೆಯಿರಿ

ಮೂರು ಕಾಗದ ಮುಂದಿಟ್ಟುಕೊಳ್ಳಿ: ಪರ್ಚೇಸ್ ಆರ್ಡರ್, ಗೋಡೌನಿನವರು ಬರೆದ ಸರಕು ಸ್ವೀಕೃತಿ ಚೀಟಿ ಅಂದರೆ ಜಿಆರ್‌ಎನ್, ಮತ್ತು ಬಿಲ್. ಮೂರರಲ್ಲೂ ಪ್ರಮಾಣವನ್ನು ಪೀಸಿಗೆ ಇಳಿಸಿ. ಬಿಲ್ಲಿನ ಮೊತ್ತವನ್ನು ನಿಜವಾಗಿ ಎಣಿಸಿಕೊಂಡ ಪೀಸುಗಳಿಂದ ಭಾಗಿಸಿ. ಆರ್ಡರಿನಲ್ಲಿ 540ನ್ನು 12ರಿಂದ ಭಾಗಿಸಿದರೆ ₹45. ಬಿಲ್ಲಿನಲ್ಲೂ ₹45 ಬಂದು, ಗೋಡೌನಿನ ಎಣಿಕೆಯೂ 600 ಇದ್ದರೆ ವ್ಯಾಪಾರದಲ್ಲಿ ಏನೂ ತಪ್ಪಿಲ್ಲ. ನಿಮ್ಮ ಸಾಫ್ಟ್‌ವೇರಿಗೆ ಡಜನ್ ಎಂದರೆ 12 ಎಂದು ಹೇಳಿಕೊಟ್ಟಿಲ್ಲ, ಅಷ್ಟೆ.

ದರ ಸರಿಯಾಗಿ ಭಾಗವಾಗದಿದ್ದರೆ ಮಾತ್ರ ಸಣ್ಣ ಕಿರಿಕಿರಿ. ಡಜನ್‌ಗೆ ₹500 ಎಂದರೆ ಪೀಸಿಗೆ 41.666… ಆಗುತ್ತದೆ, ಅಂಗಡಿಯವರು 41.67 ಎಂದು ಹಾಕಿದರೆ 600 ಪೀಸಿಗೆ ₹25,002. ಈ ಎರಡು ರೂಪಾಯಿಗೆ ಜಗಳ ಬೇಡ, ರೌಂಡ್ ಆಫ್‌ನಲ್ಲಿ ಮುಗಿಸಬಹುದು. ಮುಂದಿನ ಬಿಲ್ಲಿನಿಂದ ದರವನ್ನು ಡಜನ್ ಲೆಕ್ಕದಲ್ಲೇ ಹಾಕಲು ಹೇಳಿದರಾಯಿತು.

ಮೊತ್ತ ಸರಿಯಿದ್ದೂ ಮೋಸ ಹೋಗುವ ಬಗೆ

ಈಗ ಬಿಲ್ಲಿನಲ್ಲಿ 50 ಬಾಕ್ಸ್, ಬಾಕ್ಸಿಗೆ ₹540 ಎಂದಿದೆ ಅನ್ನಿ. ಮೊತ್ತ ಮತ್ತೆ ₹27,000. 50 ಇದ್ದಲ್ಲಿ 50, 540 ಇದ್ದಲ್ಲಿ 540. ಬಿಲ್ ನೋಡಿದವರು ಸಂತೋಷದಿಂದ ಸಹಿ ಹಾಕುತ್ತಾರೆ. ಆದರೆ ಬಾಕ್ಸ್ ಬಿಚ್ಚಿದರೆ ಒಳಗೆ ಹತ್ತೇ ಲೋಟ. ಬಂದದ್ದು 500, ಲೋಟಕ್ಕೆ ಬಿದ್ದದ್ದು ₹54.

ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ನಿಜವಾದ ಅಪಾಯ ಇದೇ. ಡಜನ್ ಎಂದರೆ ಎಲ್ಲಿ ಹೋದರೂ 12, ಗ್ರೋಸ್ ಎಂದರೆ 144. ಬಾಕ್ಸ್, ಪ್ಯಾಕೆಟ್, ಸೆಟ್, ಕಾರ್ಟನ್‌ಗಳಿಗೆ ಅಂಥ ಕಟ್ಟುಪಾಡಿಲ್ಲ. ಕಂಪನಿಯವರು ಪ್ಯಾಕಿಂಗನ್ನು 12ರಿಂದ 10ಕ್ಕೆ ಇಳಿಸಿದರೆ ನಿಮಗೆ ಪತ್ರ ಬರೆದು ತಿಳಿಸುತ್ತಾರೆಂಬ ಖಾತ್ರಿಯೂ ಇಲ್ಲ. ಹಾಗಾಗಿ ಗೋಡೌನಿನವರು ‘50 ಬಾಕ್ಸ್ ಬಂದಿದೆ’ ಎಂದು ಬರೆದರೆ ಸಾಲದು. ಪ್ರತಿ ಸಲ ಒಂದೆರಡು ಬಾಕ್ಸ್ ಬಿಚ್ಚಿ, ಲೇಬಲ್ ಓದಿ, ಜಿಆರ್‌ಎನ್‌ನಲ್ಲಿ ‘50 ಬಾಕ್ಸ್, ತಲಾ 10, ಒಟ್ಟು 500’ ಎಂದು ಬರೆಯಬೇಕು.

ಒಪ್ಪಿದ ದರ ಲೋಟಕ್ಕೆ ₹45 ಆದ್ದರಿಂದ 500 ಲೋಟಕ್ಕೆ ಸಲ್ಲಬೇಕಾದದ್ದು ₹22,500. ಉಳಿದ ₹4,500 ಮತ್ತು ಅದರ ಮೇಲಿನ ತೆರಿಗೆಗೆ ಅಂಗಡಿಯವರಿಂದ ಕ್ರೆಡಿಟ್ ನೋಟ್ ಕೇಳಿ, ಇಲ್ಲವೇ ಬಾಕಿ 100 ಲೋಟ ಕಳಿಸಲು ಹೇಳಿ. ಎರಡನೆಯದಾದರೆ ಒಂದು ಮಾತು ನೆನಪಿರಲಿ: ಒಂದೇ ಬಿಲ್ಲಿನ ಸರಕು ಕಂತಿನಲ್ಲಿ ಬಂದರೆ, ಕೊನೆಯ ಕಂತು ಕೈಸೇರಿದ ಮೇಲಷ್ಟೇ ಆ ಬಿಲ್ಲಿನ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯಬಹುದು.

ಬಿಲ್ಲೇ ತಪ್ಪಿದ್ದರೆ

ಪೀಸಿನ ಸಂಖ್ಯೆಗೆ ಡಜನ್ ದರ ಅಂಟಿಕೊಂಡರೆ 600 ಗುಣಿಸು 540, ಅಂದರೆ ₹3,24,000. ಇದು ಕಣ್ಣಿಗೆ ರಾಚುತ್ತದೆ, ಸರಿಯಾಗಿ ಹನ್ನೆರಡು ಪಟ್ಟು. ತೆರಿಗೆಯೂ ಅಷ್ಟೇ ಪಟ್ಟು ಹೆಚ್ಚಿರುವುದರಿಂದ ಬಾಯಿಮಾತಿನಲ್ಲಿ ಬಗೆಹರಿಸುವಂತಿಲ್ಲ. ಇ-ಇನ್‌ವಾಯ್ಸ್ ಆಗಿದ್ದರೆ ಅಂಗಡಿಯವರು ಅದನ್ನು 24 ಗಂಟೆಯೊಳಗೆ ಪೋರ್ಟಲಿನಲ್ಲಿ ರದ್ದುಮಾಡಿ ಹೊಸ ನಂಬರಿನ ಬಿಲ್ ಕೊಡಬಹುದು. ಹಳೆಯ ನಂಬರನ್ನು ಮತ್ತೆ ಬಳಸಲು ಬರುವುದಿಲ್ಲ. ಆದ್ದರಿಂದ ಸರಕು ಬಂದ ದಿನವೇ ಬಿಲ್ ನೋಡುವುದು ಲಾಭ. ಗಡುವು ಮೀರಿದರೆ ಕೇಂದ್ರ ಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ₹2,97,000 ಮತ್ತು ಅದರ ತೆರಿಗೆಗೆ ಕ್ರೆಡಿಟ್ ನೋಟ್ ಕೊಡಬೇಕು. ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30, ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅಷ್ಟರೊಳಗೆ ಅದು ಅವರ ರಿಟರ್ನ್‌ನಲ್ಲಿ ಬರಬೇಕು.

ಕೆಲವು ಸಲ ಮೊತ್ತ ₹27,000 ಸರಿಯಾಗಿಯೇ ಇದ್ದು, ‘600 DOZ, ದರ 45’ ಎಂದು ಯೂನಿಟ್ ಮಾತ್ರ ತಪ್ಪಿರುತ್ತದೆ. ತೆರಿಗೆ ಬದಲಾಗದ ಕಾರಣ ಮೊತ್ತದ ಕ್ರೆಡಿಟ್ ನೋಟ್ ಇಲ್ಲಿ ಸಲ್ಲದು. ಯೂನಿಟ್ ತಿದ್ದಿದ ಬಿಲ್ ಕೇಳಿ. ಅದು ಆಗದಿದ್ದರೆ ಅಂಗಡಿಯವರ ಲಿಖಿತ ದೃಢೀಕರಣವನ್ನಾದರೂ ಬಿಲ್ಲಿಗೆ ಲಗತ್ತಿಸಿ. ಜಿಎಸ್‌ಟಿ ನಿಯಮ 46 ಬಿಲ್ಲಿನಲ್ಲಿ ಪ್ರಮಾಣದ ಜೊತೆ ಯೂನಿಟ್ ಕೇಳುತ್ತದೆ, ಮಾರುವವರ GSTR-1ರ ಎಚ್‌ಎಸ್‌ಎನ್ ಪಟ್ಟಿಗೂ ಅದೇ ಹೋಗುತ್ತದೆ.

ಸಾಫ್ಟ್‌ವೇರಿನಲ್ಲಿ ಸರಿಪಡಿಸುವುದು

ಸ್ಟಾಕಿನ ಮೂಲ ಯೂನಿಟ್ ಯಾವಾಗಲೂ ಅತಿ ಚಿಕ್ಕದೇ ಇರಲಿ, ಇಲ್ಲಿ ಪೀಸ್. ಲೋಟ ಒಡೆಯುವುದು ಒಂದೊಂದಾಗಿ, ಡಜನ್ ಲೆಕ್ಕದಲ್ಲಲ್ಲ. ಟ್ಯಾಲಿ ಬಳಸುವವರು ಆ ಐಟಂನ Units ಜಾಗದಲ್ಲಿ Nos ಇಟ್ಟು, Alternate units ಎಂಬಲ್ಲಿ Doz ಸೇರಿಸಿ, ಪರಿವರ್ತನೆಯನ್ನು ಹೀಗೆ ಕೊಡಬೇಕು:

```
1 Doz = 12 Nos
```

ಆ ಆಯ್ಕೆ ಕಾಣದಿದ್ದರೆ ಅದೇ ಪರದೆಯಲ್ಲಿ F12 ಒತ್ತಿ ತೆರೆದುಕೊಳ್ಳಿ. ಆಮೇಲೆ ಆರ್ಡರನ್ನು ಡಜನ್‌ನಲ್ಲಿ, ಬಿಲ್ಲನ್ನು ಪೀಸಿನಲ್ಲಿ ಇದ್ದ ಹಾಗೆಯೇ ಹಾಕಬಹುದು. ದರದ ಪಕ್ಕದ per ಜಾಗ ಮಾತ್ರ ಎರಡು ಸಲ ನೋಡಿ. 540ರ ಎದುರು Nos ಉಳಿದುಬಿಟ್ಟರೆ ಮತ್ತೆ ಅದೇ ಹನ್ನೆರಡು ಪಟ್ಟು. ಬಾಕ್ಸ್‌ಗೆ ಪರಿವರ್ತನೆ ಕೊಡುವುದಾದರೆ ಐಟಂ ಐಟಂಗೂ ಬೇರೆಯಾಗಿ ಕೊಡಿ. ಪ್ಯಾಕಿಂಗ್ ಬದಲಾದರೆ ಹಳೆಯ ಅಂಕಿ ತಿದ್ದುವ ಬದಲು ಹೊಸ ಪ್ಯಾಕಿಗೆ ಹೊಸ ಐಟಂ ಮಾಡುವುದೇ ಮೇಲು. ಪಟ್ಟಿ ಉದ್ದವಾಗುತ್ತದೆ, ಆಗಲಿ.

ತಪ್ಪು ಯೂನಿಟ್‌ನಲ್ಲಿ ಸರಕು ಈಗಾಗಲೇ ಒಳಗೆ ಬಂದಿದ್ದರೆ? 600 ಪೀಸನ್ನು 600 ಡಜನ್ ಎಂದು ಬರೆದುಕೊಂಡರೆ ಸ್ಟಾಕ್ 7,200 ತೋರಿಸುತ್ತದೆ, ಲೋಟದ ಬೆಲೆ ₹3.75ಕ್ಕೆ ಇಳಿಯುತ್ತದೆ. ಇದನ್ನು ವರ್ಷಾಂತ್ಯದ ಸ್ಟಾಕ್ ಹೊಂದಾಣಿಕೆಯಲ್ಲಿ ‘ಕೊರತೆ 6,600’ ಎಂದು ಬರೆದು ಮುಗಿಸಬೇಡಿ. ಕಳುವಿನ ಹಾಗೆ ಕಾಣುತ್ತದೆ. ಆ ಜಿಆರ್‌ಎನ್ ಅನ್ನೇ ರದ್ದುಮಾಡಿ ಸರಿಯಾಗಿ ಮತ್ತೆ ಹಾಕಿ. ಬಳಕೆಯ ಎಂಟ್ರಿಗಳು ಶುರುವಾಗುವ ಮೊದಲೇ ಮಾಡಿದರೆ ಕೆಲಸ ಸಲೀಸು, ತಡವಾದಷ್ಟೂ ₹3.75ರ ದರ ಮುಂದಿನ ವೆಚ್ಚದ ಲೆಕ್ಕಗಳಿಗೆಲ್ಲ ಹರಡುತ್ತದೆ. ಹಳೆಯ ತಪ್ಪುಗಳನ್ನು ಹುಡುಕಲು ಐಟಂಗಳ ಸರಾಸರಿ ದರದ ಪಟ್ಟಿ ತೆಗೆದು ಕೊನೆಯ ಖರೀದಿ ದರದ ಜೊತೆ ಹೋಲಿಸಿ. ಖರೀದಿ ದರವೇ ಏರಿಳಿದಿದ್ದರೆ ವ್ಯತ್ಯಾಸ ಹೇಗೆಂದರೆ ಹಾಗಿರುತ್ತದೆ. ವ್ಯತ್ಯಾಸ ಸುಮಾರು 6, 10, 12 ಅಥವಾ 144 ಪಟ್ಟು ಇದ್ದರೆ ಆ ಐಟಂನ ಯೂನಿಟ್ ಜಾಗ ತೆರೆದು ನೋಡಿ.