ಮರುಪ್ರಯತ್ನಗಳೇ ಸರ್ವರನ್ನು ಏಳಲು ಬಿಡದಿದ್ದಾಗ

ನಮ್ಮ ಸೇವೆ ಬಳಸುವ, ಪಾವತಿಯ ಸ್ಥಿತಿ ತಿಳಿಸುವ ಎಪಿಐ 503 ದೋಷ ಕೊಡಲು ಶುರುಮಾಡಿತು. ಮೂಲ ದೋಷ ಸರಿಹೋದ ಮೇಲೂ ಅದು ಚೇತರಿಸಿಕೊಳ್ಳಲಿಲ್ಲ. ಕೆಲವು ಸೆಕೆಂಡು ಏಳುತ್ತಿತ್ತು, ಮತ್ತೆ ಬೀಳುತ್ತಿತ್ತು. ಬಳಕೆದಾರರು ಎಂದಿನಷ್ಟೇ ಇದ್ದರೂ ಕೋರಿಕೆಗಳು ಹಲವು ಪಟ್ಟಾಗಿದ್ದವು.

ಟೈಮ್‌ಔಟನ್ನು 5ರಿಂದ 30 ಸೆಕೆಂಡಿಗೆ ಏರಿಸಿದೆ. ಥ್ರೆಡ್‌ಗಳೆಲ್ಲ ಕಾಯುತ್ತಾ ಕುಳಿತು ನಮ್ಮ ಸೇವೆಯೂ ನಿಂತಿತು. ಮರುಪ್ರಯತ್ನಗಳ ನಡುವೆ 1 ಸೆಕೆಂಡು ಬಿಡುವು ಕೊಟ್ಟೆ. ಕೋರಿಕೆಗಳು ಸೆಕೆಂಡಿಗೊಮ್ಮೆ ಅಲೆಯಂತೆ ಬಂದವು. ಬಿಡುವನ್ನು 1, 2, 4 ಎಂದು ದ್ವಿಗುಣಗೊಳಿಸಿದರೂ ಅಲೆಗಳ ನಡುವಿನ ಅಂತರ ಹೆಚ್ಚಿತೇ ಹೊರತು ಅಲೆ ಒಡೆಯಲಿಲ್ಲ. ಒಂದೇ ಕ್ಷಣದಲ್ಲಿ ಸೋತವರೆಲ್ಲ ಒಂದೇ ಕ್ಷಣದಲ್ಲಿ ಮರಳುತ್ತಿದ್ದರು.

ಪರಿಹಾರದ ಮೊದಲ ಹೆಜ್ಜೆ, ಮರುಪ್ರಯತ್ನವನ್ನು ಒಂದೇ ಪದರದಲ್ಲಿ ಇಡುವುದು. ಎಚ್‌ಟಿಟಿಪಿ ಲೈಬ್ರರಿಯಲ್ಲಿ 3, ಅದರ ಮೇಲೆ ನಮ್ಮ ಕೋಡಿನಲ್ಲಿ 3 ಮರುಪ್ರಯತ್ನಗಳಿದ್ದವು. ಅಂದರೆ ಒಂದು ಕ್ಲಿಕ್ಕಿಗೆ 4×4, ಒಟ್ಟು 16 ಕೋರಿಕೆಗಳು! ಲೈಬ್ರರಿಯದನ್ನು 0 ಮಾಡಿದೆ. ಆಮೇಲೆ ಬಿಡುವನ್ನು ಯಾದೃಚ್ಛಿಕವಾಗಿಸಿದೆ:

```python
delay = random.uniform(0, min(20, 0.5 * 2 ** attempt))
```

`attempt` 0, 1, 2 ಆದಂತೆ ಬಿಡುವಿನ ಗರಿಷ್ಠ ಮಿತಿ 0.5, 1, 2 ಸೆಕೆಂಡು. ಕೆಳಗಿನ ಮಿತಿ ಸೊನ್ನೆಯೇ ಇರಲಿ; ಆಗ ಕೋರಿಕೆಗಳು ಇಡೀ ಅವಧಿಗೆ ಹರಡುತ್ತವೆ. ಉತ್ತರದಲ್ಲಿ `Retry-After` ಇದ್ದರೆ ಅಷ್ಟು ಹೊತ್ತು ಕಾದು, ಅದರ ಮೇಲೆ ಈ ಬಿಡುವನ್ನು ಸೇರಿಸಬೇಕು. 429, 503 ಮತ್ತು ಸಂಪರ್ಕ ಕಡಿತಕ್ಕೆ ಮಾತ್ರ ಮರುಪ್ರಯತ್ನ. 400, 401ಕ್ಕೆ ಬೇಡ.

ಯಾದೃಚ್ಛಿಕ ಬಿಡುವು ಕೋರಿಕೆಗಳನ್ನು ಹರಡುತ್ತದೆ, ಕಡಿಮೆ ಮಾಡುವುದಿಲ್ಲ. ದೀರ್ಘ ಸ್ಥಗಿತಕ್ಕಾಗಿ, ಮರುಪ್ರಯತ್ನಗಳು ಮೂಲ ಕೋರಿಕೆಗಳ ಶೇ. 10 ದಾಟಿದರೆ ಮರುಪ್ರಯತ್ನಿಸದೆ ಕೂಡಲೇ ದೋಷ ತಿಳಿಸುವಂತೆ ಮಾಡಿದೆ.