ಒಮ್ಮೊಮ್ಮೆ ಮಾತ್ರ ಕೈಕೊಡುತ್ತಿದ್ದ ಡೇಟಾಬೇಸ್ ಕನೆಕ್ಷನ್

ಎಡಬ್ಲ್ಯೂಎಸ್‌ನಲ್ಲಿ ನಾನು ನೋಡಿಕೊಳ್ಳುತ್ತಿದ್ದ ಒಂದು ವಿಪಿಸಿಯಲ್ಲಿ ಮೂರು ಸಬ್‌ನೆಟ್ ಇದ್ದವು. ಲಿನಕ್ಸ್ ಆ್ಯಪ್ ಸರ್ವರ್‌ಗಳು 10.0.1.0/24ರಲ್ಲಿ, ಪೋಸ್ಟ್‌ಗ್ರೆಸ್ ಓಡುತ್ತಿದ್ದ ಲಿನಕ್ಸ್ ಮಷೀನ್ 10.0.2.0/24ರಲ್ಲಿ, ರಿಪೋರ್ಟ್ ತೆಗೆಯುವ ವಿಂಡೋಸ್ ಮಷೀನ್ 10.0.3.0/24ರಲ್ಲಿ. ಆ್ಯಪ್‌ಗೆ ಯಾವ ತೊಂದರೆಯೂ ಇರಲಿಲ್ಲ. ವಿಂಡೋಸ್ ಮಷೀನ್‌ನಿಂದ ಮಾತ್ರ ಕನೆಕ್ಷನ್ ಆಗಾಗ ಟೈಮ್‌ಔಟ್ ಆಗುತ್ತಿತ್ತು. "ಸರ್, ಒಂದ್ಸಲ ಸಿಗಲ್ಲ, ಮತ್ತೆ ಕ್ಲಿಕ್ ಮಾಡಿದ್ರೆ ಬರುತ್ತೆ" ಅಂದರು ರಿಪೋರ್ಟ್ ನೋಡಿಕೊಳ್ಳುವ ಸಹೋದ್ಯೋಗಿ.

ಈ ಮಾತಲ್ಲೇ ಅರ್ಧ ಉತ್ತರ ಇತ್ತು. ಡೇಟಾಬೇಸ್‌ನ ಸೆಕ್ಯುರಿಟಿ ಗ್ರೂಪ್‌ನಲ್ಲಿ ಪೋಸ್ಟ್‌ಗ್ರೆಸ್‌ನ 5432 ಪೋರ್ಟ್‌ಗೆ ರೂಲ್ ಇಲ್ಲದಿದ್ದರೆ ಒಂದು ಸಲವೂ ಸಿಗಬಾರದು. ಇದ್ದರೆ ಪ್ರತಿ ಸಲವೂ ಸಿಗಬೇಕು. ಸೆಕ್ಯುರಿಟಿ ಗ್ರೂಪ್ ಸ್ಟೇಟ್‌ಫುಲ್. ಒಳಗೆ ಬಂದ ಕನೆಕ್ಷನ್ನನ್ನು ಅದು ನೆನಪಿಟ್ಟುಕೊಳ್ಳುತ್ತದೆ, ಉತ್ತರ ಹೊರಡುವಾಗ ಬೇರೆ ರೂಲ್ ಕೇಳುವುದಿಲ್ಲ. ಹಾಗಾಗಿ ನಾನು ಡೇಟಾಬೇಸ್‌ನ ಸಬ್‌ನೆಟ್‌ಗೆ ಹಾಕಿದ್ದ ನೆಟ್‌ವರ್ಕ್ ಎಸಿಎಲ್ ಕಡೆ ತಿರುಗಿದೆ. ಅದು ಸ್ಟೇಟ್‌ಲೆಸ್. ಬರುವ ಪ್ಯಾಕೆಟ್ಟನ್ನೂ ಹೋಗುವ ಪ್ಯಾಕೆಟ್ಟನ್ನೂ ಬೇರೆ ಬೇರೆಯಾಗಿಯೇ ನೋಡುತ್ತದೆ.

ಮರೆಯಬಾರದ್ದು ಇಷ್ಟು: ಡೇಟಾಬೇಸ್ ಕಳಿಸುವ ಉತ್ತರ 5432ಕ್ಕೆ ಹೋಗುವುದಿಲ್ಲ. ಕನೆಕ್ಷನ್ ಶುರು ಮಾಡುವಾಗ ಕ್ಲೈಂಟ್ ತನಗೇ ಆರಿಸಿಕೊಂಡ ತಾತ್ಕಾಲಿಕ ಪೋರ್ಟ್‌ಗೆ ಹೋಗುತ್ತದೆ. ಫ್ಲೋ ಲಾಗ್ ತೆಗೆದು, ಡೇಟಾಬೇಸ್‌ನ ನೆಟ್‌ವರ್ಕ್ ಇಂಟರ್‌ಫೇಸ್‌ನ ಸಾಲುಗಳನ್ನು ನೋಡಿದೆ. ಬೇಕಾದಷ್ಟನ್ನು ಮಾತ್ರ ಇಲ್ಲಿ ಕೊಡುತ್ತೇನೆ:

```
srcaddr    dstaddr    srcport dstport action
10.0.3.17  10.0.2.40  62114   5432    ACCEPT
10.0.2.40  10.0.3.17  5432    62114   REJECT
```

ಬಂದದ್ದಕ್ಕೆ ACCEPT, ಅದೇ ಕನೆಕ್ಷನ್ನಿನ ಉತ್ತರಕ್ಕೆ REJECT. ಈ ಜೋಡಿ ಕಂಡರೆ ಅದು ಎಸಿಎಲ್ ಕೆಲಸ. ಸೆಕ್ಯುರಿಟಿ ಗ್ರೂಪ್ ತಡೆದಿದ್ದರೆ ಮೊದಲ ಸಾಲಿನಲ್ಲೇ REJECT ಬರುತ್ತಿತ್ತು, ಎರಡನೇ ಸಾಲು ಹುಟ್ಟುತ್ತಲೇ ಇರಲಿಲ್ಲ.

ಆ ಎಸಿಎಲ್‌ನ ಔಟ್‌ಬೌಂಡ್ ರೂಲ್‌ನಲ್ಲಿ 32768-60999 ಅಂತ ಇತ್ತು. ಅದು ಲಿನಕ್ಸ್ ಸಾಮಾನ್ಯವಾಗಿ ಬಳಸುವ ತಾತ್ಕಾಲಿಕ ಪೋರ್ಟ್‌ಗಳ ಸಾಲು, ಆ್ಯಪ್ ಸರ್ವರ್‌ಗಳಿಗೆ ಸರಿಯಾಗಿ ಹೊಂದುತ್ತಿತ್ತು. ವಿಂಡೋಸ್ ಬಳಸುವುದು 49152ರಿಂದ 65535. ಅದು 60999ರ ಒಳಗಿನ ಪೋರ್ಟ್ ಆರಿಸಿಕೊಂಡರೆ ಕನೆಕ್ಷನ್ ಆಗುತ್ತದೆ, ಅದಕ್ಕಿಂತ ಮೇಲಿನದು ಬಿದ್ದರೆ ಉತ್ತರ ಸದ್ದಿಲ್ಲದೆ ಸತ್ತುಹೋಗುತ್ತದೆ. ಆ 16384 ಪೋರ್ಟ್‌ಗಳಲ್ಲಿ 4536 ಹೊರಗೆ ಉಳಿಯುತ್ತವೆ, ಅಂದರೆ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಮತ್ತೆ ಕ್ಲಿಕ್ ಮಾಡಿದರೆ ಹೊಸ ಪೋರ್ಟ್ ಸಿಗುತ್ತದೆ ಅಲ್ವಾ, ಅದಕ್ಕೇ ಎರಡನೇ ಸಲ ಕೆಲಸ ಆಗುತ್ತಿತ್ತು.

ರೂಲನ್ನು 1024-65535 ಮಾಡಿದೆ, ಆಚೆ ತುದಿ 10.0.0.0/16 ಮಾತ್ರ. ಟೈಮ್‌ಔಟ್ ನಿಂತಿತು.

ಆದರೆ ಇಷ್ಟು ಅಗಲ ತೆರೆದದ್ದು ನನಗೆ ಹಿಡಿಸಲಿಲ್ಲ. ಎಸಿಎಲ್‌ಗೆ ಇದು ಉತ್ತರವೋ ಹೊಸ ಕನೆಕ್ಷನ್ನೋ ಗೊತ್ತಾಗುವುದಿಲ್ಲ. ಡೇಟಾಬೇಸ್ ಮಷೀನ್ ಯಾರದಾದರೂ ಕೈಗೆ ಸಿಕ್ಕರೆ, ಅಲ್ಲಿಂದ ಒಳಗಿನ ಯಾವ ಮಷೀನ್‌ನ 1024ರಿಂದ ಮೇಲಿನ ಪೋರ್ಟ್‌ಗಾದರೂ ತಾನೇ ಹೊರಡಬಹುದು. ಇಲ್ಲಿ ಸೆಕ್ಯುರಿಟಿ ಗ್ರೂಪ್‌ನ ನೆನಪು ಉಪಯೋಗಕ್ಕೆ ಬಂತು. ಹೊಸ ಗ್ರೂಪ್ ಮಾಡಿದಾಗ ಔಟ್‌ಬೌಂಡ್‌ನಲ್ಲಿ ಎಲ್ಲಕ್ಕೂ ಅನುಮತಿ ಕೊಡುವ ರೂಲ್ ತಾನಾಗಿಯೇ ಇರುತ್ತದೆ. ಡೇಟಾಬೇಸ್‌ನ ಗ್ರೂಪ್‌ನಿಂದ ಅದನ್ನು ತೆಗೆದುಹಾಕಿದೆ, ಬದಲಿಗೆ ಏನೂ ಸೇರಿಸಲಿಲ್ಲ. ಔಟ್‌ಬೌಂಡ್ ಪೂರ್ತಿ ಖಾಲಿ. ಆದರೂ ಕ್ವೆರಿಗಳಿಗೆ ಉತ್ತರ ಹೋಗುತ್ತಲೇ ಇತ್ತು, ಯಾಕೆಂದರೆ ಅವು ಒಳಗೆ ಬಂದ ಕನೆಕ್ಷನ್ನಿನ ಭಾಗ. ಮಷೀನ್ ತಾನಾಗಿ ಶುರು ಮಾಡುವ ಕನೆಕ್ಷನ್ ಮಾತ್ರ ನಿಂತುಹೋಯಿತು. ಪ್ಯಾಕೇಜ್ ಅಪ್‌ಡೇಟ್ ಅಥವಾ ಬ್ಯಾಕಪ್ ಹೊರಗೆ ಹೋಗಬೇಕಿದ್ದರೆ ಅದಕ್ಕಷ್ಟೇ ಒಂದೊಂದು ರೂಲ್ ಕೊಡಬೇಕು.

ಇದೇ ನೆನಪು ಒಂದು ಕಡೆ ಅಡ್ಡ ಬರುತ್ತದೆ. ಆಮೇಲೆ ಆ ವಿಂಡೋಸ್ ಮಷೀನ್ನನ್ನು ತಕ್ಷಣ ದೂರ ಇಡಬೇಕಾದ ಸಂದರ್ಭ ಬಂತು. ಸೆಕ್ಯುರಿಟಿ ಗ್ರೂಪ್‌ನಿಂದ ಅದರ ರೂಲ್ ತೆಗೆದೆ. ಹೊಸ ಕನೆಕ್ಷನ್ ನಿಂತಿತು, ಆದರೆ ಮೊದಲೇ ತೆರೆದಿದ್ದ ಸೆಷನ್‌ನಲ್ಲಿ ಕ್ವೆರಿ ಓಡುತ್ತಲೇ ಇತ್ತು. ಟ್ರ್ಯಾಕ್ ಆಗಿರುವ ಕನೆಕ್ಷನ್ ರೂಲ್ ತೆಗೆದ ಮಾತ್ರಕ್ಕೆ ಕಡಿದುಹೋಗುವುದಿಲ್ಲ. ಹಾಗೇ ಸೆಕ್ಯುರಿಟಿ ಗ್ರೂಪ್‌ನಲ್ಲಿ 'ಬೇಡ' ಎನ್ನುವ ರೂಲ್ ಬರೆಯುವುದಕ್ಕೂ ಆಗುವುದಿಲ್ಲ, ಬರೀ ಅನುಮತಿ ಕೊಡಬಹುದು. ಎಸಿಎಲ್‌ನಲ್ಲಿ ಆಗುತ್ತದೆ. ಅಲ್ಲಿ ರೂಲ್‌ಗಳನ್ನು ಚಿಕ್ಕ ನಂಬರ್‌ನಿಂದ ಓದುತ್ತಾರೆ, ಮೊದಲು ಹೊಂದಿದ್ದೇ ಕೊನೆ ಮಾತು. ನನ್ನ ಅನುಮತಿ ರೂಲ್‌ಗಳು 100ರಿಂದ ಶುರುವಾಗುತ್ತಿದ್ದವು, ಆದ್ದರಿಂದ 90ನೇ ನಂಬರ್‌ನಲ್ಲಿ 10.0.3.17/32ಕ್ಕೆ ಒಂದು DENY ಇಟ್ಟೆ. ಓಡುತ್ತಿದ್ದ ಸೆಷನ್ ಕೂಡ ಅಲ್ಲೇ ನಿಂತಿತು.

ಒಂದು ಮಾತು ನೆನಪಿರಲಿ: ಎಸಿಎಲ್ ಪ್ಯಾಕೆಟ್ ಬೀಳಿಸಿತು ಎಂದು ಪೋಸ್ಟ್‌ಗ್ರೆಸ್‌ಗೆ ಯಾರೂ ಹೇಳುವುದಿಲ್ಲ. `pg_stat_activity`ಯಲ್ಲಿ ಆ ಸೆಷನ್ ಹಾಗೇ ಕಾಣುತ್ತದೆ. ಲಿನಕ್ಸ್‌ನ ಕೀಪ್‌ಅಲೈವ್ ಡೀಫಾಲ್ಟ್ 7200 ಸೆಕೆಂಡ್, ಅಂದರೆ ಸುಮ್ನೆ ಕೂತ ಸೆಷನ್ ಎರಡು ಗಂಟೆಗೂ ಮೀರಿ ಉಳಿಯಬಹುದು, ಹಿಡಿದ ಲಾಕ್ ಇದ್ದರೆ ಅದೂ ಉಳಿಯುತ್ತದೆ. ಹಾಗಾಗಿ DENY ಹಾಕಿದ ಕೂಡಲೇ ಇದನ್ನೂ ಓಡಿಸುತ್ತೇನೆ:

```sql
SELECT pg_terminate_backend(pid)
FROM pg_stat_activity
WHERE client_addr = '10.0.3.17';
```