ಸಾವಿರ ಡಾಲರ್ ಬಿಲ್‌ಗೆ ಕೈಗೆ ಬರುವುದೆಷ್ಟು?

ಹೊರದೇಶದ ಗಿರಾಕಿಗೆ 1,000 ಡಾಲರ್ ಬಿಲ್ ಕಳಿಸಿ, ಮನಸ್ಸಲ್ಲೇ 85,000 ರೂಪಾಯಿ ಎಣಿಸಿಕೊಳ್ಳಬೇಡಿ. ಲೆಕ್ಕಕ್ಕೆ ಮಾರುಕಟ್ಟೆ ದರ 85 ರೂಪಾಯಿ ಅಂದುಕೊಳ್ಳೋಣ.

ಕೆಲಸ ಕೊಡಿಸಿದ ಪ್ಲಾಟ್‌ಫಾರ್ಮ್ 10% ಹಿಡಿದರೆ ಉಳಿಯುವುದು 900 ಡಾಲರ್. ದುಡ್ಡು ಬ್ಯಾಂಕಿನಿಂದ ಬ್ಯಾಂಕಿಗೆ ವೈರ್ ಮೂಲಕ ಬಂದರೆ ನಡುವಿನ ಬ್ಯಾಂಕ್ 20 ಡಾಲರ್ ಮುರಿದುಕೊಳ್ಳಬಹುದು. ಆಗ 880. ನಿಮ್ಮ ಬ್ಯಾಂಕ್ 83.60ರಂತೆ ಬದಲಾಯಿಸಿದರೆ 73,568 ರೂಪಾಯಿ. ಬ್ಯಾಂಕ್ ಶುಲ್ಕ 250, ಅದಕ್ಕೆ 18% ಜಿಎಸ್‌ಟಿ, ಒಟ್ಟು 295. ಕರೆನ್ಸಿ ಬದಲಾವಣೆಗೆ ಬೇರೆ ಜಿಎಸ್‌ಟಿ ಇದೆ. ಲಕ್ಷದೊಳಗಿನ ಮೊತ್ತಕ್ಕೆ ಅದರ 1%ನ ಮೇಲೆ 18%, ಇಲ್ಲಿ ಸುಮಾರು 132. ಕೊನೆಗೆ ಖಾತೆಗೆ ಬೀಳುವುದು 73,141 ರೂಪಾಯಿ. ಅಂದ್ರೆ ಬಿಲ್ಲಿನ ಡಾಲರಿಗೆ ಬರೀ 73 ರೂಪಾಯಿ ಚಿಲ್ಲರೆ!

ಇದರಲ್ಲಿ ಕಣ್ಣಿಗೆ ಬೀಳದ್ದು ದರದ ವ್ಯತ್ಯಾಸ. ಡಾಲರಿಗೆ 1.40ರಂತೆ 1,232 ರೂಪಾಯಿ ಹೋಯಿತು. ಜಿಎಸ್‌ಟಿ ಸೇರಿದ ಬ್ಯಾಂಕ್ ಶುಲ್ಕದ ನಾಲ್ಕು ಪಟ್ಟಿಗೂ ಹೆಚ್ಚು! ಸ್ಟೇಟ್‌ಮೆಂಟಿನಲ್ಲಿ ಇದಕ್ಕೆ ಬೇರೆ ಸಾಲು ಇರುವುದಿಲ್ಲ. ನಾನೂ ಮೊದಲು ಸುಮ್ನೆ ಶುಲ್ಕವನ್ನೇ ಬೈಯುತ್ತಿದ್ದೆ. ಪತ್ತೆ ಮಾಡುವುದು ಸುಲಭ: ಶುಲ್ಕ ಕಳೆಯುವ ಮುಂಚಿನ ರೂಪಾಯಿಯನ್ನು ಬ್ಯಾಂಕಿಗೆ ತಲುಪಿದ ಡಾಲರಿನಿಂದ ಭಾಗಿಸಿ, ಅದೇ ಹೊತ್ತಿನ ಮಾರುಕಟ್ಟೆ ದರದ ಪಕ್ಕ ಇಟ್ಟು ನೋಡಿ. 900ರಿಂದ ಭಾಗಿಸಿದರೆ ನಡುವಿನ ಬ್ಯಾಂಕ್ ತಿಂದದ್ದೂ ದರದಲ್ಲೇ ಸೇರಿ ಲೆಕ್ಕ ತಪ್ಪುತ್ತದೆ.

ಬಿಲ್ಲಿನ ಮೊತ್ತ ಸಣ್ಣದಿದ್ದರೂ ನಡುವಿನ ಬ್ಯಾಂಕಿನ ಆ 20 ಡಾಲರ್ ಅಷ್ಟೇ ಹೋಗುತ್ತದೆ. 200 ಡಾಲರಿನ ಬಿಲ್‌ಗೆ ಅದೇ 10%. ಹಾಗಾಗಿ ಸಣ್ಣ ಬಿಲ್‌ಗಳ ದುಡ್ಡನ್ನು ಒಟ್ಟು ಮಾಡಿ ತರಿಸಿಕೊಳ್ಳಿ. ದರದ ವ್ಯತ್ಯಾಸ ಮಾತ್ರ ಇದರಿಂದ ಕಡಿಮೆಯಾಗುವುದಿಲ್ಲ, ಅದಕ್ಕೆ ಬ್ಯಾಂಕಿನವರ ಹತ್ತಿರ ಚೌಕಾಸಿ ಮಾಡಬೇಕು.